ತೀರಿಕೊಂಡವರ ಪಿಪಿಎಫ್ ಮತ್ತು ಅಂಚೆ ಕಚೇರಿ ಉಳಿತಾಯ ಖಾತೆ: ಮುಚ್ಚುವುದು ಹೇಗೆ, ಹಣ ಯಾರಿಗೆ?

ಮನೆಯಲ್ಲಿ ಒಬ್ಬರು ತೀರಿಕೊಂಡ ಮೇಲೆ ಬೀರು ತೆಗೆದರೆ ಎರಡು ಮೂರು ಪಾಸ್ ಬುಕ್ ಸಿಗುತ್ತವೆ. ಒಂದು ಪಿಪಿಎಫ್, ಇನ್ನೊಂದು ಅಂಚೆ ಕಚೇರಿಯ ಎಸ್.ಬಿ. ಖಾತೆ. ಆಗ ಮನೆಯವರ ಮುಂದೆ ಎರಡು ಪ್ರಶ್ನೆ ಬರುತ್ತವೆ. ಅಂಚೆ ಕಚೇರಿ ಹಣವನ್ನು ಯಾರ ಕೈಗೆ ಕೊಡುತ್ತದೆ? ಕೈಗೆ ಬಂದ ಹಣ ನಿಜಕ್ಕೂ ಯಾರಿಗೆ ಸೇರಬೇಕು? ಇವೆರಡೂ ಒಂದೇ ಅಂದುಕೊಳ್ಳುವವರೇ ಜಾಸ್ತಿ. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಆದ್ದರಿಂದ ಎರಡನ್ನೂ ಬೇರೆ ಬೇರೆಯಾಗಿಯೇ ನೋಡೋಣ.

ಒಂದು ಮನೆಯ ಉದಾಹರಣೆ ಇಟ್ಟುಕೊಂಡರೆ ಸುಲಭ. ನಿವೃತ್ತ ಮೇಷ್ಟ್ರೊಬ್ಬರು ಜೂನ್ 14ರಂದು ತೀರಿಕೊಂಡರು ಅಂತಿಟ್ಟುಕೊಳ್ಳಿ. ಮನೆಯಲ್ಲಿ ಹೆಂಡತಿ, ಮಗ, ಮದುವೆಯಾದ ಮಗಳು, ಮತ್ತು ಮೇಷ್ಟ್ರ ವಯಸ್ಸಾದ ತಾಯಿ ಇದ್ದಾರೆ. ತಂದೆ ಮೊದಲೇ ಹೋಗಿದ್ದಾರೆ. ಪಿಪಿಎಫ್ ಖಾತೆಯಲ್ಲಿ 12,10,000 ರೂಪಾಯಿ ಇದೆ, ನಾಮಿನಿ ಮಗ ಒಬ್ಬನೇ. ಎಸ್.ಬಿ. ಖಾತೆಯಲ್ಲಿ 1,84,000 ರೂಪಾಯಿ ಇದೆ. ಅದರ ನಾಮಿನಿ ಮೇಷ್ಟ್ರ ತಂದೆ. ಖಾತೆ ತೆರೆದಾಗ ಬರೆಸಿದ ಹೆಸರು, ಆಮೇಲೆ ಯಾರೂ ಬದಲಾಯಿಸಿಲ್ಲ. ಇಂಥದ್ದು ತುಂಬಾ ಮನೆಗಳಲ್ಲಿ ಇದೆ, ಅಲ್ವಾ?

ಮೊದಲು ಮಾಡಬಾರದ್ದು

ಎಟಿಎಂ ಪಿನ್ ಗೊತ್ತಿದೆ ಅಂತ ಹಣ ತೆಗೆಯಬೇಡಿ. ಖಾತೆದಾರರು ತೀರಿಕೊಂಡ ಕ್ಷಣದಿಂದ ಆ ಹಣದಲ್ಲಿ ಎಲ್ಲ ವಾರಸುದಾರರ ಪಾಲೂ ಇರುತ್ತದೆ. ತಿಥಿ ಖರ್ಚಿಗೇ ತೆಗೆದಿದ್ದರೂ ಸ್ಟೇಟ್‌ಮೆಂಟಿನಲ್ಲಿ ತಾರೀಕು ಕಾಣುತ್ತದೆ. ನಾಳೆ ಯಾರಾದರೂ ಲೆಕ್ಕ ಕೇಳಿದರೆ ತೆಗೆದವರೇ ಉತ್ತರ ಕೊಡಬೇಕಾಗುತ್ತದೆ.

ಹಾಗೆಯೇ ಪಿಪಿಎಫ್‌ಗೆ ಮತ್ತೆ ಹಣ ಕಟ್ಟಬೇಡಿ. "ಅಪ್ಪನ ಖಾತೆಗೆ ಹದಿನೈದು ವರ್ಷ ಆಗಲು ಇನ್ನೆರಡೇ ವರ್ಷ ಬಾಕಿ, ನಾವೇ ಕಟ್ಟಿ ಮುಗಿಸೋಣ" ಅನ್ನುವವರಿದ್ದಾರೆ. ಅದಕ್ಕೆ ಅವಕಾಶ ಇಲ್ಲ. ನಾಮಿನಿಯಾಗಲಿ ವಾರಸುದಾರರಾಗಲಿ ಪಿಪಿಎಫ್ ಮುಂದುವರಿಸುವಂತಿಲ್ಲ, ಖಾತೆ ಮುಚ್ಚಲೇಬೇಕು. ಇದರಲ್ಲಿ ಒಂದು ಅನುಕೂಲವೂ ಇದೆ. ಹದಿನೈದು ವರ್ಷ ತುಂಬಿರಬೇಕು ಅನ್ನುವ ಷರತ್ತು ಇಲ್ಲಿ ಅಡ್ಡ ಬರುವುದಿಲ್ಲ. ಖಾತೆ ತೆರೆದು ಮೂರೇ ವರ್ಷ ಆಗಿದ್ದರೂ ಪೂರ್ತಿ ಹಣ ಬರುತ್ತದೆ.

ಯಾವ ದಾರಿ ಅಂತ ಗೊತ್ತುಮಾಡಿಕೊಳ್ಳುವುದು

ಪಾಸ್ ಬುಕ್ ತೆಗೆದುಕೊಂಡು ಖಾತೆ ಇರುವ ಅಂಚೆ ಕಚೇರಿಗೇ ಹೋಗಿ. ಪಿಪಿಎಫ್ ಬ್ಯಾಂಕಿನಲ್ಲಿದ್ದರೆ ಆ ಬ್ಯಾಂಕಿನ ಶಾಖೆಗೆ ಹೋಗಿ. ಪಿಪಿಎಫ್ ಎಲ್ಲೇ ಇದ್ದರೂ ಕೇಂದ್ರ ಸರ್ಕಾರದ ನಿಯಮ ಒಂದೇ. ಕೌಂಟರಿನಲ್ಲಿ ಮೂರು ವಿಷಯ ಕೇಳಿ. ಇವತ್ತಿಗೆ ಬ್ಯಾಲೆನ್ಸ್ ಎಷ್ಟು, ನಾಮಿನಿ ಯಾರು, ಖಾತೆಯ ಮೇಲೆ ಸಾಲ ಇದೆಯಾ?

ನಾಮಿನಿ ಹೆಸರನ್ನು ಕಚೇರಿಯ ದಾಖಲೆಯಲ್ಲೇ ನೋಡಿಸಿ. ಪಾಸ್ ಬುಕ್ಕಿನಲ್ಲಿ ಕೆಲವೊಮ್ಮೆ ನಾಮಿನೇಷನ್ ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ, ಹೆಸರು ಇರುವುದಿಲ್ಲ. ಅಮ್ಮನೇ ನಾಮಿನಿ ಅಂತ ಎಲ್ಲರೂ ನಂಬಿಕೊಂಡಿರುತ್ತಾರೆ, ದಾಖಲೆಯಲ್ಲಿ ಅಜ್ಜನ ಹೆಸರು ಇರುತ್ತದೆ.

ಇಲ್ಲಿಂದ ಮುಂದೆ ಮೂರು ದಾರಿ. ನಾಮಿನಿ ಬದುಕಿದ್ದರೆ ಮೊತ್ತ ಎಷ್ಟೇ ಇರಲಿ, ನಾಮಿನಿಗೆ ಕೊಡುತ್ತಾರೆ. ನಾಮಿನಿ ಇಲ್ಲದಿದ್ದರೆ ಮತ್ತು ಮೊತ್ತ 5 ಲಕ್ಷದ ಒಳಗಿದ್ದರೆ, ಸಾವಿನ ದಿನದಿಂದ ಆರು ತಿಂಗಳು ಕಳೆದ ಮೇಲೆ ಪ್ರಮಾಣಪತ್ರ, ಹೊಣೆಪತ್ರಗಳ ಮೇಲೆ ಕೊಡುತ್ತಾರೆ. ನಾಮಿನಿ ಇಲ್ಲ, ಮೊತ್ತವೂ 5 ಲಕ್ಷ ದಾಟಿದೆ ಅಂದರೆ ಕೋರ್ಟಿನ ಕಾಗದ ಬೇಕೇ ಬೇಕು. ಇವು 2018ರ ಸರ್ಕಾರಿ ಉಳಿತಾಯ ಉತ್ತೇಜನ ಸಾಮಾನ್ಯ ನಿಯಮಗಳಲ್ಲಿ ಇರುವಂಥವು. ಪೋಸ್ಟ್ ಮಾಸ್ಟರ್ ತಮ್ಮ ಮರ್ಜಿಯಿಂದ ಹೇಳುವುದಲ್ಲ.

ನಮ್ಮ ಮೇಷ್ಟ್ರ ಮನೆಯಲ್ಲಿ ಪಿಪಿಎಫ್ ಮೊದಲನೇ ದಾರಿಗೆ ಬಂತು. ಎಸ್.ಬಿ. ಖಾತೆ ಎರಡನೇ ದಾರಿಗೆ ಬಿತ್ತು, ಯಾಕೆಂದರೆ ತೀರಿಕೊಂಡ ನಾಮಿನಿ ಇದ್ದೂ ಇಲ್ಲದ ಹಾಗೆ.

ನಾಮಿನಿ ಇದ್ದಾಗ

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಿದ್ದರೆ ತೊಂದರೆ ಇಲ್ಲದೆ ಸಿಗುತ್ತದೆ. ಕರ್ನಾಟಕದಲ್ಲಿ ಇದು ಇ-ಜನ್ಮ ವ್ಯವಸ್ಥೆಯಿಂದ ಬರುತ್ತದೆ. ನಾಲ್ಕೈದು ಪ್ರತಿ ತೆಗೆದಿಟ್ಟುಕೊಳ್ಳಿ, ಎಲ್ಲ ಕಡೆಯೂ ಕೇಳುತ್ತಾರೆ.

ಆಮೇಲೆ ಫಾರಂ 11. ಮರಣ ಹೊಂದಿದ ಖಾತೆದಾರರ ಹಣ ಕೇಳುವ ಅರ್ಜಿ ಇದೇ. ಅಂಚೆ ಕಚೇರಿಯಲ್ಲಿ ಸಿಗುತ್ತದೆ, ಇಲಾಖೆಯ ವೆಬ್‌ಸೈಟ್ indiapost.gov.in ನಲ್ಲೂ ಇದೆ. ಒಂದೊಂದು ಖಾತೆಗೂ ಒಂದೊಂದು ಅರ್ಜಿ ತುಂಬುವುದು ಒಳ್ಳೆಯದು. ಎರಡನ್ನೂ ಒಂದರಲ್ಲೇ ಬರೆದರೆ, ಒಂದರಲ್ಲಿ ಆಕ್ಷೇಪ ಬಂದಾಗ ಇನ್ನೊಂದೂ ನಿಂತುಹೋಗುತ್ತದೆ.

ಅರ್ಜಿಯ ಜೊತೆ ಮೂಲ ಪಾಸ್ ಬುಕ್, ಮರಣ ಪ್ರಮಾಣಪತ್ರ, ನಾಮಿನಿಯ ಆಧಾರ್ ಮತ್ತು ಪ್ಯಾನ್ ಪ್ರತಿ, ಫೋಟೋ, ಹಣ ಜಮೆಯಾಗಬೇಕಾದ ಖಾತೆಯ ವಿವರ ಕೊಡಬೇಕು. ಬ್ಯಾಂಕ್ ಖಾತೆಯಾದರೆ ರದ್ದು ಮಾಡಿದ ಚೆಕ್ ಅಥವಾ ಪಾಸ್ ಬುಕ್ಕಿನ ಮೊದಲ ಪುಟ ಸಾಕು. ಇಬ್ಬರು ಸಾಕ್ಷಿಗಳ ಸಹಿ ಬೇಕು. ಅವರ ಗುರುತಿನ ಮತ್ತು ವಿಳಾಸದ ದಾಖಲೆಗಳ ಪ್ರತಿಯೂ ಬೇಕು. ಒಬ್ಬರಿಗಿಂತ ಹೆಚ್ಚು ನಾಮಿನಿಗಳಿದ್ದು ಅದರಲ್ಲಿ ಒಬ್ಬರು ತೀರಿಕೊಂಡಿದ್ದರೆ ಅವರ ಮರಣ ಪ್ರಮಾಣಪತ್ರವನ್ನೂ ಸೇರಿಸಿ.

ಕೆಲಸ ನಿಲ್ಲುವುದು ಸಾಮಾನ್ಯವಾಗಿ ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಳ್ಳುವ ಪದ್ಧತಿ. ಪಾಸ್ ಬುಕ್ಕಿನಲ್ಲಿ "ಬಸಪ್ಪ ಎಚ್." ಇರುತ್ತದೆ, ಮರಣ ಪ್ರಮಾಣಪತ್ರದಲ್ಲಿ "ಎಚ್. ಬಸಪ್ಪ", ಆಧಾರ್‌ನಲ್ಲಿ "ಹನುಮಂತಪ್ಪ ಬಸಪ್ಪ". ಮೂವರೂ ಒಬ್ಬರೇ ಅಂತ ಊರಿಗೆಲ್ಲ ಗೊತ್ತು, ಕೌಂಟರಿನಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಮರಣ ಪ್ರಮಾಣಪತ್ರ ಮಾಡಿಸುವಾಗಲೇ ಪಾಸ್ ಬುಕ್ ಪಕ್ಕದಲ್ಲಿಟ್ಟುಕೊಂಡು ಹೆಸರು ಬರೆಸಿ. ಕೈಮೀರಿ ಹೋಗಿದ್ದರೆ, ಇವೆಲ್ಲ ಒಬ್ಬರದೇ ಹೆಸರು ಅಂತ ನೋಟರಿ ಮುಂದೆ ಅಫಿಡವಿಟ್ ಮಾಡಿಸಿ ಕೊಡಬೇಕಾಗುತ್ತದೆ. ನಾಮಿನಿಯ ಹೆಸರಿಗೂ ಇದೇ ಮಾತು. ಮದುವೆಗೆ ಮುಂಚಿನ ಹೆಸರು ದಾಖಲೆಯಲ್ಲಿದ್ದರೆ ಹೆಣ್ಣುಮಕ್ಕಳಿಗೆ ಈ ತೊಡಕು ಬಂದೇ ಬರುತ್ತದೆ.

ನಾಮಿನಿ ಇನ್ನೂ ಅಪ್ರಾಪ್ತರಾಗಿದ್ದರೆ, ಹಣ ಪಡೆಯಲು ಖಾತೆದಾರರು ಯಾರನ್ನಾದರೂ ಗೊತ್ತುಮಾಡಿದ್ದಾರಾ ಅಂತ ನೋಡುತ್ತಾರೆ. ಇಲ್ಲದಿದ್ದರೆ ಪೋಷಕರ ಮೂಲಕ ಕೊಡುತ್ತಾರೆ.

ಪಿಪಿಎಫ್ ಬಡ್ಡಿಯ ಲೆಕ್ಕ

ಸಾವಿನ ದಿನಕ್ಕೇ ಬಡ್ಡಿ ನಿಂತುಹೋಗುತ್ತದೆ ಅಂತ ಕೆಲವರು ಗಾಬರಿಯಾಗುತ್ತಾರೆ. ಪಿಪಿಎಫ್‌ನಲ್ಲಿ ಹಾಗಿಲ್ಲ. ಖಾತೆ ಮುಚ್ಚುವ ತಿಂಗಳಿನ ಹಿಂದಿನ ತಿಂಗಳ ಕೊನೆಯವರೆಗೂ ಪಿಪಿಎಫ್ ದರದಲ್ಲೇ ಬಡ್ಡಿ ಬರುತ್ತದೆ. ಆ ದರ ಏಪ್ರಿಲ್ 2020ರಿಂದ ವರ್ಷಕ್ಕೆ 7.1 ಪ್ರತಿಶತ ಇದೆ. ಸರ್ಕಾರ ಮೂರು ತಿಂಗಳಿಗೊಮ್ಮೆ ದರವನ್ನು ಪರಿಶೀಲಿಸುತ್ತದೆ, ಹಾಗಾಗಿ ನೀವು ಹೋದಾಗಿನ ದರ ಕೇಳಿಕೊಳ್ಳಿ.

ಮೇಷ್ಟ್ರ ಖಾತೆಯನ್ನೇ ನೋಡೋಣ. ಮಾರ್ಚ್ 31ಕ್ಕೆ ಬಡ್ಡಿ ಜಮೆಯಾಗಿ 12,00,000 ಇತ್ತು. ಏಪ್ರಿಲ್ 3ರಂದು ಅವರು 10,000 ಕಟ್ಟಿದರು. ಐದನೇ ತಾರೀಕಿನೊಳಗೆ ಕಟ್ಟಿದ್ದರಿಂದ ಏಪ್ರಿಲ್ ತಿಂಗಳಿಗೂ ಅದಕ್ಕೆ ಬಡ್ಡಿ ಸೇರುತ್ತದೆ. ಜೂನ್‌ನಲ್ಲಿ ತೀರಿಕೊಂಡರು. ಮಗ ಸೆಪ್ಟೆಂಬರ್ 20ರಂದು ಖಾತೆ ಮುಚ್ಚಿಸಿದ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಐದು ತಿಂಗಳ ಬಡ್ಡಿ. 12,10,000ಕ್ಕೆ ತಿಂಗಳಿಗೆ ಸುಮಾರು 7,159 ರೂಪಾಯಿ ಆಗುತ್ತದೆ, ಐದು ತಿಂಗಳಿಗೆ 35,796. ಒಟ್ಟು 12,45,796 ರೂಪಾಯಿ.

ಅದೇ ಖಾತೆ ಹತ್ತು ಹನ್ನೆರಡು ದಿನ ತಡವಾಗಿ, ಅಕ್ಟೋಬರ್ ಮೊದಲ ವಾರದಲ್ಲಿ ಮುಚ್ಚಿದ್ದರೆ ಸೆಪ್ಟೆಂಬರ್ ಬಡ್ಡಿಯೂ ಸೇರುತ್ತಿತ್ತು. ತಿಂಗಳ ಕೊನೆಯ ದಿನಗಳಲ್ಲಿ ಕಾಗದ ಸಿದ್ಧವಾಗಿದ್ದರೆ ಈ ವ್ಯತ್ಯಾಸ ನೆನಪಿರಲಿ. ಹಾಗಂತ ಬಡ್ಡಿ ಆಸೆಗೆ ವರ್ಷಗಟ್ಟಲೆ ಸುಮ್ನೆ ಬಿಡುವುದು ಬೇಡ. ಅಷ್ಟರಲ್ಲಿ ನಾಮಿನಿಗೇ ಏನಾದರೂ ಆದರೆ ಸುಲಭದ ದಾರಿ ಮುಚ್ಚಿಹೋಗುತ್ತದೆ. 12 ಲಕ್ಷಕ್ಕೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಖಾತೆಯ ಮೇಲೆ ಸಾಲ ತೆಗೆದಿದ್ದರೆ ಬಾಕಿ ಸಾಲ ಮತ್ತು ಅದರ ಬಡ್ಡಿ ಹಿಡಿದುಕೊಂಡು ಉಳಿದದ್ದು ಕೊಡುತ್ತಾರೆ. ಪಿಪಿಎಫ್ ಹಣಕ್ಕೆ, ಅದರ ಬಡ್ಡಿಗೆ ಆದಾಯ ತೆರಿಗೆ ಇಲ್ಲ.

ಎಲ್ಲ ಅಂಚೆ ಯೋಜನೆಗಳಿಗೂ ಇದೇ ಲೆಕ್ಕ ಅಂದುಕೊಳ್ಳಬೇಡಿ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ, ಗಂಡ ಅಥವಾ ಹೆಂಡತಿ ಖಾತೆ ಮುಂದುವರಿಸದೆ ಇದ್ದರೆ, ಸಾವಿನ ದಿನದಿಂದ ಎಸ್.ಬಿ. ಖಾತೆಯ ದರ ಮಾತ್ರ ಸಿಗುತ್ತದೆ. ಆ ಪಾಸ್ ಬುಕ್ ಮನೆಯಲ್ಲಿದ್ದರೆ ಅದನ್ನೇ ಮೊದಲು ಮುಗಿಸಿ.

ನಾಮಿನಿ ಇಲ್ಲದ ಎಸ್.ಬಿ. ಖಾತೆ

ಮೊದಲು ಖಾತೆ ಜಂಟಿಯೋ ಒಬ್ಬರದೋ ನೋಡಿ. ಜಂಟಿ ಖಾತೆಯಾದರೆ ಕ್ಲೇಮ್ ಗೋಜಲೇ ಇಲ್ಲ. ಬದುಕಿರುವವರೇ ಖಾತೆದಾರರಾಗಿ ಉಳಿಯುತ್ತಾರೆ. ಮರಣ ಪ್ರಮಾಣಪತ್ರ ಕೊಟ್ಟು ಹೆಸರು ತೆಗೆಸಿದರೆ ಸಾಕು. ಆದರೆ ಅವರಿಗೆ ಅಂಚೆ ಕಚೇರಿಯಲ್ಲಿ ಮೊದಲೇ ಒಂಟಿ ಎಸ್.ಬಿ. ಖಾತೆ ಇದ್ದರೆ ಜಂಟಿ ಖಾತೆಯನ್ನು ಮುಚ್ಚಬೇಕು, ಯಾಕೆಂದರೆ ಒಬ್ಬರಿಗೆ ಒಂದೇ ಒಂಟಿ ಖಾತೆ ಇರಬಹುದು. ಪಿಪಿಎಫ್‌ನಲ್ಲಿ ಜಂಟಿ ಖಾತೆ ಅನ್ನುವುದೇ ಇಲ್ಲ.

ಮೇಷ್ಟ್ರದು ಒಂಟಿ ಖಾತೆ. 1,84,000 ಇದೆ, 5 ಲಕ್ಷದ ಒಳಗೆ. ಡಿಸೆಂಬರ್ 14 ಆಗುವ ತನಕ ಈ ದಾರಿಯಲ್ಲಿ ಹಣ ಬರುವುದಿಲ್ಲ. ಈ ಆರು ತಿಂಗಳಲ್ಲಿ ಯಾರಾದರೂ ಕೋರ್ಟಿನ ಆದೇಶ ಅಥವಾ ಪ್ರೊಬೇಟ್, ಅಂದರೆ ವಿಲ್ ನಿಜವಾದದ್ದು ಅಂತ ಕೋರ್ಟ್ ಕೊಟ್ಟ ದೃಢೀಕರಣ ತಂದರೆ ಅವರಿಗೆ ಕೊಡಬೇಕಾಗುತ್ತದೆ, ಅದಕ್ಕೇ ಕಾಯುವುದು. ಅಷ್ಟರಲ್ಲಿ ಕಾಗದ ಜೋಡಿಸಿಟ್ಟುಕೊಳ್ಳಬಹುದು.

ಫಾರಂ 11ರ ಜೊತೆ ಇಲ್ಲಿ ಇನ್ನೂ ಮೂರು ಕಾಗದ ಬೇಕು. ಒಂದು, ವಾರಸುದಾರರು ಯಾರು ಯಾರು ಅಂತ ಪ್ರಮಾಣ ಮಾಡಿದ ಅಫಿಡವಿಟ್. ಎರಡು, ಮುಂದೆ ಬೇರೆ ಯಾರಾದರೂ ಬಂದು ಹಣ ಕೇಳಿದರೆ ನಾವೇ ಹೊಣೆ ಅಂತ ಬರೆದುಕೊಡುವ ಹೊಣೆಪತ್ರ. ಇದಕ್ಕೆ ಜಾಮೀನುದಾರರೂ ಸಹಿ ಹಾಕಬೇಕು. ಮೂರನೆಯದು ಹಣ ತೆಗೆದುಕೊಳ್ಳದ ಉಳಿದ ವಾರಸುದಾರರ ಹಕ್ಕು ಬಿಡುಗಡೆ ಪತ್ರ. ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಜೊತೆಗಿಟ್ಟರೆ ಪ್ರಶ್ನೆಗಳು ಕಡಿಮೆಯಾಗುತ್ತವೆ. ಮೊತ್ತ ನೋಡಿಕೊಂಡು ಮಂಜೂರಾತಿ ಮೇಲಿನ ಕಚೇರಿಗೆ ಹೋಗುವುದೂ ಉಂಟು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ಪಡೆದಿಟ್ಟುಕೊಳ್ಳಿ.

ಆ ಮೂರನೇ ಕಾಗದದ ಬಗ್ಗೆ ಒಂದು ಮಾತು ಹೇಳಲೇಬೇಕು. ತವರಿಗೆ ಬಂದ ಮಗಳ ಮುಂದೆ ಕಾಗದ ಇಟ್ಟು, "ಅಂಚೆ ಕಚೇರಿ ಕೆಲಸಕ್ಕೆ, ಇಲ್ಲೊಂದು ಸೈನ್ ಹಾಕಮ್ಮ" ಅನ್ನುತ್ತಾರೆ. ಅವಳೂ ಓದದೆ ಹಾಕುತ್ತಾಳೆ. ಆ ಪತ್ರದಲ್ಲಿ ಇರುವುದು ಈ ಹಣದ ಮೇಲಿನ ತನ್ನ ಹಕ್ಕನ್ನು ಬಿಟ್ಟುಕೊಡುವ ಮಾತು. ಅಮ್ಮನಿಗೇ ಹೋಗಲಿ ಅಂತ ಮನಸಾರೆ ಬಿಟ್ಟರೆ ಅದು ಬೇರೆ. ತನ್ನ ಪಾಲು ಬೇಕು ಅನ್ನುವವರು ಆ ಕಾಗದಕ್ಕೆ ಸಹಿ ಹಾಕಬಾರದು. ಅಂಥ ಕಡೆ ಎಲ್ಲರೂ ಸೇರಿ ಕ್ಲೇಮ್ ಹಾಕುವುದೇ ಸರಿ.

ಎಸ್.ಬಿ. ಖಾತೆಗೆ ಬಡ್ಡಿ ವರ್ಷಕ್ಕೆ 4 ಪ್ರತಿಶತ. ಇದೂ ಖಾತೆ ಮುಚ್ಚುವ ತಿಂಗಳಿನ ಹಿಂದಿನ ತಿಂಗಳವರೆಗೆ ಬರುತ್ತದೆ.

5 ಲಕ್ಷ ದಾಟಿದರೆ

ಮೇಷ್ಟ್ರ ಪಿಪಿಎಫ್‌ಗೂ ನಾಮಿನಿ ಇಲ್ಲದೆ ಹೋಗಿದ್ದರೆ ಸಕ್ಸೆಷನ್ ಸರ್ಟಿಫಿಕೇಟ್, ಅಂದರೆ ಉತ್ತರಾಧಿಕಾರ ಪ್ರಮಾಣಪತ್ರ ಬೇಕಾಗುತ್ತಿತ್ತು. ಇದನ್ನು ಕೊಡುವುದು ಸಿವಿಲ್ ಕೋರ್ಟ್, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ. ವಂಶವೃಕ್ಷ ಇದ್ದರೆ ಸಾಕಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಸಾಲದು. ವಂಶವೃಕ್ಷ ಮನೆಯಲ್ಲಿ ಯಾರಿದ್ದಾರೆ ಅಂತ ಹೇಳುತ್ತದೆ. ಹಣ ವಸೂಲಿ ಮಾಡುವ ಅಧಿಕಾರ ಕೊಡುವುದು ಕೋರ್ಟಿನ ಕಾಗದ.

ತೀರಿಕೊಂಡವರು ವಾಸವಿದ್ದ ಊರಿನ ವ್ಯಾಪ್ತಿಯ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಉಳಿದ ವಾರಸುದಾರರನ್ನೂ ಅದರಲ್ಲಿ ಸೇರಿಸುತ್ತಾರೆ, ನೋಟಿಸ್ ಹೋಗುತ್ತದೆ, ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ. ಯಾರದೂ ತಕರಾರಿಲ್ಲದಿದ್ದರೂ ತಿಂಗಳುಗಳೇ ಹಿಡಿಯುತ್ತವೆ. ಮೊತ್ತದ ಮೇಲೆ ಕೋರ್ಟ್ ಶುಲ್ಕವೂ ಇದೆ. ಅರ್ಜಿ ಹಾಕುವ ಮೊದಲೇ ಎಲ್ಲ ಖಾತೆಗಳ ಸಂಖ್ಯೆ ಮತ್ತು ಬ್ಯಾಲೆನ್ಸ್ ಬರೆಸಿಕೊಂಡು ವಕೀಲರಿಗೆ ಕೊಡಿ. ಒಂದು ಖಾತೆ ಬಿಟ್ಟುಹೋದರೆ ಪ್ರಮಾಣಪತ್ರಕ್ಕೆ ಅದನ್ನು ಸೇರಿಸಲು ಮತ್ತೆ ಕೋರ್ಟಿಗೇ ಹೋಗಬೇಕು.

ಕೈಗೆ ಬಂದ ಹಣ ಯಾರದು?

ಈಗ ಮಗನ ಖಾತೆಗೆ 12,45,796 ರೂಪಾಯಿ ಬಂತು. ಅಪ್ಪ ನನ್ನ ಹೆಸರು ಬರೆಸಿದ್ದಾರೆ, ಹಾಗಾದರೆ ಎಲ್ಲ ನನ್ನದೇ ಅಂತ ಅವನು ಹೇಳಬಹುದಾ? ಇಲ್ಲ. ನಾಮಿನಿ ಅಂದರೆ ಹಣ ಪಡೆದುಕೊಳ್ಳುವ ವ್ಯಕ್ತಿ ಅಷ್ಟೇ. 1984ರಲ್ಲಿ ಸರಬತಿ ದೇವಿ ಪ್ರಕರಣದಲ್ಲಿ ಜೀವ ವಿಮೆಯ ಹಣದ ಬಗ್ಗೆ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. 2000ದಲ್ಲಿ ಖಂಚಂದಾನಿ ಪ್ರಕರಣದಲ್ಲಿ ಅಂಚೆ ಕಚೇರಿಯ ರಾಷ್ಟ್ರೀಯ ಉಳಿತಾಯ ಪತ್ರಗಳ ವಿಷಯದಲ್ಲೂ ಅದೇ ತೀರ್ಪು ಬಂತು. ನಾಮಿನಿ ಹಣ ಪಡೆಯಬಹುದು, ಆದರೆ ವಾರಸುದಾರರ ಪರವಾಗಿ ಇಟ್ಟುಕೊಂಡಂತೆ.

ಮೇಷ್ಟ್ರು ವಿಲ್ ಬರೆದಿಲ್ಲ. ಅವರು ಹಿಂದೂ ಆಗಿದ್ದರೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬರುತ್ತದೆ. ಮೊದಲ ವರ್ಗದ ವಾರಸುದಾರರಲ್ಲಿ ಹೆಂಡತಿ, ಮಗ, ಮಗಳು, ತಾಯಿ ಇದ್ದಾರೆ. ನಾಲ್ವರಿಗೂ ಸಮ ಪಾಲು, ತಲಾ 3,11,449 ರೂಪಾಯಿ. ಮಗಳಿಗೆ ಮದುವೆಯಾಗಿದೆ ಅನ್ನುವುದು ಇಲ್ಲಿ ಲೆಕ್ಕಕ್ಕೇ ಇಲ್ಲ. ಹೆಚ್ಚಿನವರು ಮರೆಯುವುದು ತಾಯಿಯನ್ನು. ಅಜ್ಜಿಗೂ ಪಾಲಿದೆಯಾ ಅಂತ ಆಶ್ಚರ್ಯಪಡುತ್ತಾರೆ. ಇದೆ, ಮೊಮ್ಮಗನಷ್ಟೇ ಇದೆ. ತಂದೆ ಬದುಕಿದ್ದಿದ್ದರೆ ಅವರಿಗೆ ಬರುತ್ತಿರಲಿಲ್ಲ, ಯಾಕೆಂದರೆ ತಂದೆ ಎರಡನೇ ವರ್ಗ.

ತೀರಿಕೊಂಡವರು ಹೆಂಗಸಾದರೆ ಸಾಲು ಬೇರೆ. ಮೊದಲು ಗಂಡ ಮತ್ತು ಮಕ್ಕಳು ಸಮವಾಗಿ ಪಡೆಯುತ್ತಾರೆ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು. ಉದಾಹರಣೆಗೆ ಕ್ರೈಸ್ತರಲ್ಲಿ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ. ವಿಲ್ ಇದ್ದರೆ ಯಾರಿಗೆ ಬರೆದಿದ್ದಾರೋ ಅವರಿಗೆ. ನಾಮಿನಿ ಬೇರೆಯವರಾಗಿದ್ದರೂ ಅಷ್ಟೇ.

ಅಂಚೆ ಕಚೇರಿ ಮಾತ್ರ ಈ ಪಾಲಿನ ವಿಚಾರಕ್ಕೆ ತಲೆಹಾಕುವುದಿಲ್ಲ. ಸರಿಯಾದ ನಾಮಿನಿಗೆ ಹಣ ಕೊಟ್ಟ ಮೇಲೆ ಅದರ ಹೊಣೆ ಮುಗಿಯಿತು. ಮಗ ಪಾಲು ಕೊಡದಿದ್ದರೆ ತಂಗಿ ಕೇಸು ಹಾಕಬೇಕಾದ್ದು ಅಣ್ಣನ ಮೇಲೆ. ಆದ್ದರಿಂದ ಜಗಳ ಬರುವ ಸೂಚನೆ ಕಂಡರೆ ಹಣ ಹೋಗುವ ಮುಂಚೆಯೇ ವಕೀಲರನ್ನು ನೋಡಿ, ಕೋರ್ಟಿನಿಂದ ತಡೆ ತರಬೇಕಾಗುತ್ತದೆ. ಬರೀ ಒಂದು ತಕರಾರು ಅರ್ಜಿ ನಂಬಿಕೊಂಡು ಕೂರಬೇಡಿ. ಪಾಲು ಹಂಚುವವರು ಬ್ಯಾಂಕ್ ಮೂಲಕವೇ ಕಳಿಸಿ, ಯಾವ ಖಾತೆಯ ಹಣ, ಎಷ್ಟನೇ ಪಾಲು ಅಂತ ಒಂದು ಕಾಗದದಲ್ಲಿ ಬರೆದು ಎಲ್ಲರ ಸಹಿ ಹಾಕಿಸಿಕೊಳ್ಳಿ.

ವಾರಸುದಾರರಲ್ಲಿ ಒಬ್ಬರು ಹೊರದೇಶದಲ್ಲಿದ್ದರೆ ಅಫಿಡವಿಟ್, ಬಿಡುಗಡೆ ಪತ್ರಗಳನ್ನು ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ದೃಢೀಕರಿಸಿ ಕಳಿಸುವುದು ರೂಢಿ. ಇದಕ್ಕೆ ಸಮಯ ಹಿಡಿಯುವುದರಿಂದ ಆರು ತಿಂಗಳ ಕಾಯುವಿಕೆಯಲ್ಲೇ ಮಾಡಿಸಿಕೊಳ್ಳಿ.

ಕೌಂಟರಿನಲ್ಲಿ ಅರ್ಜಿಯನ್ನೇ ತೆಗೆದುಕೊಳ್ಳದಿದ್ದರೆ ಅಥವಾ ಹೋದಾಗಲೆಲ್ಲ ಹೊಸ ಕಾಗದ ಕೇಳುತ್ತಿದ್ದರೆ, ಏನು ಕೊರತೆ ಅಂತ ಬರವಣಿಗೆಯಲ್ಲಿ ಕೊಡಲು ಹೇಳಿ. ಕೊಡದಿದ್ದರೆ ಆ ವಿಭಾಗದ ಅಂಚೆ ಅಧೀಕ್ಷಕರಿಗೆ ಪತ್ರ ಬರೆಯಿರಿ. ಅಂಚೆ ಇಲಾಖೆಯ ಉಚಿತ ಸಹಾಯವಾಣಿ 1800 266 6868ಕ್ಕೂ ದೂರು ಕೊಡಬಹುದು.